‘ಹೌದು’, ‘ಇಲ್ಲ’ ಎನ್ನಲು ಹಿಡಿದ ಎಂಟು ವರ್ಷ

2001ರ ಬೇಸಿಗೆಯಲ್ಲಿ ಅಮೆರಿಕದ ಮನೆಮನೆಯ ಅಂಚೆಪೆಟ್ಟಿಗೆಗೂ ಒಂದೇ ಬಗೆಯ ಲಕೋಟೆಗಳು ಬಂದು ಬೀಳತೊಡಗಿದವು. ಬ್ಯಾಂಕಿನಿಂದ ಒಂದು, ವಿಮೆ ಕಂಪನಿಯಿಂದ ಒಂದು, ಕ್ರೆಡಿಟ್ ಕಾರ್ಡಿನವರಿಂದ ಮತ್ತೊಂದು. 1999ರಲ್ಲಿ ಅಲ್ಲಿನ ಸಂಸತ್ತು ಗ್ರಾಮ್–ಲೀಚ್–ಬ್ಲೈಲಿ ಎಂಬ ಕಾಯ್ದೆ ಮಾಡಿತ್ತು. ಗ್ರಾಹಕರ ಮಾಹಿತಿಯನ್ನು ಏನು ಮಾಡುತ್ತೇವೆ, ಯಾರಿಗೆ ಕೊಡುತ್ತೇವೆ ಎಂದು ಹಣಕಾಸು ಸಂಸ್ಥೆಗಳು ಬರೆದು ತಿಳಿಸಬೇಕು, ಹೊರಗಿನ ಕಂಪನಿಗಳಿಗೆ ಕೊಡುವುದಾದರೆ ಬೇಡವೆನ್ನುವ ಅವಕಾಶವನ್ನೂ ಗ್ರಾಹಕರಿಗೆ ಕೊಡಬೇಕು ಎಂದು ಅದು ವಿಧಿಸಿತ್ತು. ಅದಕ್ಕೆ ಗಡುವು 2001ರ ಜುಲೈ 1. ಗಡುವಿಗೆ ಸರಿಯಾಗಿ ಕಾಗದಗಳೇನೋ ಹೊರಟವು. ಆದರೆ ಓದುವವರು ಸಿಗಲಿಲ್ಲ.

ಏಕೆ ಸಿಗಲಿಲ್ಲ ಎಂಬುದನ್ನು ಅಳೆದು ತೋರಿಸಿದವರು ಮಾರ್ಕ್ ಹೋಚ್‌ಹೌಸರ್. ಬರಹವೊಂದು ಎಷ್ಟು ಸುಲಭವಾಗಿ ಓದಿಸಿಕೊಳ್ಳುತ್ತದೆ ಎಂದು ಪರೀಕ್ಷಿಸುವುದೇ ಅವರ ಕಸುಬು. ಇಂಥ 60 ಸೂಚನಾಪತ್ರಗಳನ್ನು ಅವರು ಪರೀಕ್ಷಿಸಿದರು. ಕಾಲೇಜಿನ ಮೂರನೆಯ ಅಥವಾ ನಾಲ್ಕನೆಯ ವರ್ಷ ಓದುತ್ತಿರುವವರಿಗೆ ಹೊಂದುವಂಥ ಭಾಷೆ ಅವುಗಳಲ್ಲಿತ್ತು. ಉದ್ದುದ್ದ ವಾಕ್ಯಗಳು, ಪಾರಿಭಾಷಿಕ ಪದಗಳು. ಮಾಹಿತಿ ಕೊಡಬೇಡಿ ಎಂದು ಹೇಳುವ ಹಕ್ಕು ತನಗಿದೆ ಎಂಬ ಮುಖ್ಯ ಸಂಗತಿ ಓದುಗನಿಗೆ ಎಲ್ಲೋ ಕೊನೆಯಲ್ಲಿ ಸಿಗುತ್ತಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ನಿಯಂತ್ರಣ ಸಂಸ್ಥೆಗಳೆಲ್ಲ ಸೇರಿ ಕಾರ್ಯಾಗಾರ ನಡೆಸಿ, ಈ ಕಾಗದವನ್ನು ಹೇಗಾದರೂ ಓದುವಂತೆ ಮಾಡಬೇಕು ಎಂದು ಚರ್ಚೆಗೆ ಕೂತವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬ್ಯಾಂಕುಗಳು ಬೇಕೆಂದೇ ಗೊಂದಲದ ಭಾಷೆ ಬರೆದವು ಎನ್ನುವುದು ಪೂರ್ತಿ ನಿಜವಲ್ಲ. ನಿಯಮಗಳ ಜೊತೆಗೆ ನಿಯಂತ್ರಕರು ಮಾದರಿ ವಾಕ್ಯಗಳನ್ನೂ ಕೊಟ್ಟಿದ್ದರು. ಅವನ್ನು ಹಾಗೆಯೇ ಬಳಸಿದರೆ ಕಾನೂನು ಪಾಲಿಸಿದಂತೆ ಎಂಬ ಭರವಸೆಯೂ ಇತ್ತು. ಆ ವಾಕ್ಯಗಳಲ್ಲಿ ಹಲವುಗಳ ಧಾಟಿ ‘ನಾವು ಇಂತಿಂಥ ಮಾಹಿತಿಯನ್ನು ಇಂತಿಂಥವರಿಗೆ ನೀಡಬಹುದು’ ಎಂಬುದು. ಬ್ಯಾಂಕಿನ ವಕೀಲರಿಗೆ ಇದಕ್ಕಿಂತ ಅನುಕೂಲದ ಧಾಟಿ ಇನ್ನೊಂದಿರಲಿಲ್ಲ. ಇವತ್ತು ಕೊಡುತ್ತಿಲ್ಲವಾದರೂ ನಾಳೆ ಕೊಟ್ಟರೆ ಸುಳ್ಳಾಗುವುದಿಲ್ಲ, ಕೊಡುತ್ತಿದ್ದರೂ ಒಪ್ಪಿಕೊಂಡಂತಾಗುವುದಿಲ್ಲ. ಅಂಥ ವಾಕ್ಯವನ್ನು ಎಷ್ಟೇ ಸುಲಭದ ಪದಗಳಲ್ಲಿ ಬರೆದರೂ ಓದುಗನಿಗೆ ತಿಳಿಯುವುದೇನೂ ಇಲ್ಲ, ಏಕೆಂದರೆ ತಿಳಿಸುವ ಸಂಗತಿಯೇ ಅದರಲ್ಲಿಲ್ಲ. ಇದು ಎಲ್ಲರಿಗೂ ಅರಿವಾಗಲು ಇನ್ನೂ ಕೆಲವು ವರ್ಷ ಬೇಕಾಯಿತು.

ಮೊದಲು ಹೊಳೆದ ಪರಿಹಾರ ಪದರಗಳದ್ದು. 2003ರ ಸೆಪ್ಟೆಂಬರ್‌ನಲ್ಲಿ ಸಿಡ್ನಿಯಲ್ಲಿ ಸೇರಿದ ನಾನಾ ದೇಶಗಳ ಮಾಹಿತಿ ಸಂರಕ್ಷಣಾ ಆಯುಕ್ತರು, ಗೌಪ್ಯತಾ ಸೂಚನೆಗಳು ಚಿಕ್ಕದಾಗಿ, ಒಂದೇ ನಮೂನೆಯಲ್ಲಿ ಇರಬೇಕು ಎಂದು ನಿರ್ಣಯ ಮಾಡಿದರು. ಮರುವರ್ಷ ಬರ್ಲಿನ್‌ನಲ್ಲಿ ತಜ್ಞರ ಸಭೆಯೊಂದು ಅದನ್ನು ಮುಂದಕ್ಕೆ ಒಯ್ದಿತು. 2004ರ ನವೆಂಬರ್‌ನಲ್ಲಿ ಯುರೋಪಿನ ಮಾಹಿತಿ ಸಂರಕ್ಷಣಾ ಪ್ರಾಧಿಕಾರಗಳ ಕೂಟ ತನ್ನ ಅಭಿಪ್ರಾಯ ಪ್ರಕಟಿಸಿ ಮೂರು ಪದರಗಳನ್ನು ಹೆಸರಿಸಿತು. ಮೇಲಿನ ಚಿಕ್ಕ ಪದರದಲ್ಲಿ ಮಾಹಿತಿ ತೆಗೆದುಕೊಳ್ಳುವವರು ಯಾರು, ಯಾತಕ್ಕೆ ಎಂಬ ಮೂಲ ಸಂಗತಿ ಇರಬೇಕು. ನಡುವಿನದ್ದು ಒಂದು ಸಂಕ್ಷೇಪ. ಕಾನೂನು ಕೇಳುವ ಪೂರ್ಣ ವಿವರ ಕೆಳಗಿನ ಪದರಕ್ಕೆ. ಎಲ್ಲ ಪದರಗಳೂ ಒಟ್ಟುಗೂಡಿ ಕಾನೂನನ್ನು ಪೂರೈಸಿದರೆ ಸಾಕು. ಪ್ರತಿಯೊಂದು ಪದರವೂ ತಾನೊಂದೇ ಎಲ್ಲವನ್ನೂ ಹೇಳಬೇಕಿಲ್ಲ. ವಕೀಲರಿಗೂ ಓದುಗರಿಗೂ ಒಪ್ಪುವ ಸಂಧಾನವಾಗಿ ಇದು ಕಂಡಿತು. ದೊಡ್ಡ ದೊಡ್ಡ ಕಂಪನಿಗಳು ಇದನ್ನು ಬಳಸತೊಡಗಿದವು.

ಆದರೆ ಉದ್ದದ ದಾಖಲೆಯ ತಲೆಯ ಮೇಲೆ ಚಿಕ್ಕದೊಂದನ್ನು ಕೂರಿಸಿದರೆ ಅದು ಅರ್ಥವಾಗುತ್ತದೆಯೇ? ಯಾರಾದರೂ ಓದುಗರ ಎದುರು ಕೂತು ನೋಡಬೇಕಿತ್ತು. ಆ ಕೆಲಸ ಅಮೆರಿಕದಲ್ಲಿ 2004ರಲ್ಲೇ ಶುರುವಾಗಿತ್ತು. ಕೆಲವು ನಿಯಂತ್ರಣ ಸಂಸ್ಥೆಗಳು ಒಟ್ಟಾಗಿ ಕ್ಲೈಮನ್ ಕಮ್ಯುನಿಕೇಶನ್ ಗ್ರೂಪ್ ಎಂಬ ತಂಡಕ್ಕೆ ಬ್ಯಾಂಕಿನ ಸೂಚನಾಪತ್ರವನ್ನು ಮೊದಲಿನಿಂದ ಹೊಸದಾಗಿ ರೂಪಿಸಿಕೊಡಲು ಕೇಳಿಕೊಂಡವು. ಆ ತಂಡ ಬರೆಯುವುದು, ಜನರ ಮುಂದಿಟ್ಟು ಓದಿಸುವುದು, ಎಲ್ಲಿ ತಡವರಿಸುತ್ತಾರೆ ನೋಡುವುದು, ತಿದ್ದಿ ಮತ್ತೆ ಓದಿಸುವುದು, ಹೀಗೆ ಸುತ್ತು ಸುತ್ತಾಗಿ ಕೆಲಸ ಮಾಡಿ 2006ರಲ್ಲಿ ವರದಿ ಕೊಟ್ಟಿತು.

ಅವರಿಗೆ ಕಂಡದ್ದು ಎಲ್ಲರ ಊಹೆಗೂ ತುಸು ವಿರುದ್ಧವಾಗಿತ್ತು. ಚಿಕ್ಕದಾಗಿಸಿದಷ್ಟೂ ಅರ್ಥ ಹೆಚ್ಚುತ್ತದೆ ಎಂಬ ನಂಬಿಕೆ ನಿಲ್ಲಲಿಲ್ಲ. ಬ್ಯಾಂಕುಗಳು ಗ್ರಾಹಕರ ಮಾಹಿತಿಯನ್ನು ಬೇರೆಯವರೊಡನೆ ಹಂಚಿಕೊಳ್ಳುತ್ತವೆ ಎಂಬುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಒಂದು ವ್ಯವಹಾರದ ಸಾರಾಂಶವನ್ನು ಕೈಗಿತ್ತರೆ ಅದು ತಲೆಗೆ ಹತ್ತುವುದಿಲ್ಲ. ಆದ್ದರಿಂದ ತಂಡ ಮೊದಲ ಪುಟದ ಮೇಲ್ಭಾಗದಲ್ಲಿ ಮೂರು ಸಣ್ಣ ಪ್ಯಾರಾಗಳನ್ನು ಸೇರಿಸಿತು: ಏಕೆ, ಏನು, ಹೇಗೆ. ಹಣಕಾಸು ಸಂಸ್ಥೆಗಳು ನಿಮ್ಮ ಮಾಹಿತಿ ಹಂಚಿಕೊಳ್ಳುವ ರೀತಿಯನ್ನು ತಾವೇ ನಿರ್ಧರಿಸುತ್ತವೆ, ಅದರಲ್ಲಿ ಕೆಲವನ್ನು ತಡೆಯುವ ಹಕ್ಕು ನಿಮಗಿದೆ, ಎಲ್ಲವನ್ನೂ ತಡೆಯುವ ಹಕ್ಕಿಲ್ಲ ಎಂದು ಅವು ಹೇಳುತ್ತಿದ್ದವು. ಪುಟದಲ್ಲಿ ಸಾಲುಗಳು ಹೆಚ್ಚಾದವು, ಅರ್ಥವೂ ಹೆಚ್ಚಾಯಿತು.

ತಲೆಬರಹವೂ ಬದಲಾಯಿತು. ಸಂಶೋಧಕ ಜೋಸೆಫ್ ಟ್ಯುರೋ 2003ರಲ್ಲಿ ನಡೆಸಿದ್ದ ಸಮೀಕ್ಷೆಯಲ್ಲಿ, ವೆಬ್‌ಸೈಟಿಗೆ ಗೌಪ್ಯತಾ ನೀತಿ ಇದೆಯೆಂದರೆ ಅದು ತಮ್ಮ ಮಾಹಿತಿಯನ್ನು ಯಾರಿಗೂ ಕೊಡುವುದಿಲ್ಲವೆಂದೇ ಅರ್ಥ ಎಂದು ಶೇ 57ರಷ್ಟು ಜನ ತಿಳಿದಿದ್ದರು. ಹೊಸ ಪತ್ರದ ತಲೆಯಲ್ಲಿ ‘ಗೌಪ್ಯತಾ ನೀತಿ’ ಎಂಬ ಹೆಸರಿಲ್ಲ. ‘ಸಂಗತಿಗಳು’ ಎಂಬ ಒಂದು ಪದ, ಅದರ ಪಕ್ಕದಲ್ಲಿ ‘ಈ ಬ್ಯಾಂಕು ನಿಮ್ಮ ವೈಯಕ್ತಿಕ ಮಾಹಿತಿಯನ್ನು ಏನು ಮಾಡುತ್ತದೆ?’ ಎಂಬ ಪ್ರಶ್ನೆ.

ಆ ಪುಟದ ಜೀವಾಳ ಮಾತ್ರ ಕೆಳಗಿನ ಕೋಷ್ಟಕ. ಅದಕ್ಕೆ ಮೂರು ಅಂಕಣ. ಎಡಗಡೆಯ ಅಂಕಣದಲ್ಲಿ ಯಾವ ಯಾವ ಕಾರಣಕ್ಕೆ ಮಾಹಿತಿ ಹಂಚಿಕೊಳ್ಳಲು ಕಾನೂನು ಬಿಡುತ್ತದೆ ಎಂಬ ಏಳು ಸಾಲುಗಳಿವೆ: ದಿನನಿತ್ಯದ ವ್ಯವಹಾರಕ್ಕೆ, ಬ್ಯಾಂಕಿನ ಸ್ವಂತ ಪ್ರಚಾರಕ್ಕೆ, ಬೇರೆ ಹಣಕಾಸು ಕಂಪನಿಯೊಡನೆ ಸೇರಿ ಮಾಡುವ ಪ್ರಚಾರಕ್ಕೆ, ಅಂಗಸಂಸ್ಥೆಗಳಿಗೆ ಸಂಬಂಧಿಸಿದ ಮೂರು ಬಗೆ, ಕೊನೆಯಲ್ಲಿ ಸಂಬಂಧವೇ ಇಲ್ಲದ ಹೊರಗಿನವರ ಪ್ರಚಾರಕ್ಕೆ. ನಡುವಿನ ಅಂಕಣ ‘ಈ ಬ್ಯಾಂಕು ಹಂಚಿಕೊಳ್ಳುತ್ತದೆಯೇ?’ ಎಂದು ಕೇಳುತ್ತದೆ. ಬಲಗಡೆಯದ್ದು ‘ನೀವು ಇದನ್ನು ತಡೆಯಬಹುದೇ?’ ಎಂದು. ಪ್ರತಿ ಚೌಕದಲ್ಲಿ ಹೌದು ಅಥವಾ ಇಲ್ಲ. ಹಂಚಿಕೊಳ್ಳುವುದೇ ಇಲ್ಲವಾದರೆ ಬಲಗಡೆ ‘ನಾವು ಹಂಚಿಕೊಳ್ಳುವುದಿಲ್ಲ’.

ಈ ಮೂರು ಅಂಕಣಗಳನ್ನು ನಾನು ಎಷ್ಟು ಸಲ ನೋಡಿದರೂ ಮೆಚ್ಚುಗೆ ಕಡಿಮೆಯಾಗಿಲ್ಲ. ಹಳೆಯ ಸೂಚನಾಪತ್ರದ ಒಂದೇ ವಾಕ್ಯದಲ್ಲಿ ಕಲಸಿಹೋಗಿದ್ದ ಮೂರು ಬೇರೆ ಬೇರೆ ಸಂಗತಿಗಳನ್ನು ಇದು ಬಿಡಿಸಿಟ್ಟಿತು. ಕಾನೂನು ಏನನ್ನು ಬಿಡುತ್ತದೆ, ಕಂಪನಿ ನಿಜವಾಗಿ ಏನು ಮಾಡುತ್ತಿದೆ, ಗ್ರಾಹಕನ ಕೈಯಲ್ಲಿ ಏನಿದೆ. ‘ನೀಡಬಹುದು’ ಎಂಬ ಧಾಟಿ ಎಡಗಡೆಯ ಅಂಕಣದಲ್ಲಿ ಮಾತ್ರ ಉಳಿಯಿತು. ನಡುವಿನ ಅಂಕಣ ತುಂಬಬೇಕಾದರೆ ಬ್ಯಾಂಕಿನವರು ತಮ್ಮದೇ ಕಚೇರಿಯೊಳಗೆ ಹೋಗಿ, ನಾವು ಕೊಡುತ್ತಿದ್ದೇವೋ ಇಲ್ಲವೋ ಎಂದು ಕೇಳಿ ತಿಳಿದು ಬರಬೇಕು. ಸರಳ ಭಾಷೆ ಹುಡುಕಲು ಹೊರಟವರಿಗೆ ಸಿಕ್ಕಿದ್ದು ಇದು: ವಾಕ್ಯ ಸರಳವಾಗದೆ ಉಳಿಯುವುದಕ್ಕೆ ಬಹಳ ಸಲ ಕಾರಣ, ಬರೆಯುವವನಿಗೆ ಒಳಗೆ ಏನು ನಡೆಯುತ್ತಿದೆ ಎಂದು ತಿಳಿದಿಲ್ಲದಿರುವುದು.

ಕೋಷ್ಟಕ ಚೆನ್ನಾಗಿದೆ ಎಂದು ತಂಡಕ್ಕೆ ಅನಿಸಿದರೆ ಸಾಲದಲ್ಲ. ಮುಂದೆ ಅಲನ್ ಲೆವಿ ಮತ್ತು ಮನೋಜ್ ಹಸ್ತಕ್ ಎಂಬ ಸಂಶೋಧಕರು ಶಾಪಿಂಗ್ ಮಾಲ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ನಾಲ್ಕು ಬಗೆಯ ಪತ್ರಗಳನ್ನು ಕೊಟ್ಟು ಪರೀಕ್ಷಿಸಿದರು. ಕೋಷ್ಟಕದ್ದು, ಅದೇ ಸಂಗತಿಯನ್ನು ಸರಳ ಗದ್ಯದಲ್ಲಿ ಬರೆದದ್ದು, ಹಳೆಯ ಮಾದರಿ ವಾಕ್ಯಗಳದ್ದು, ಆಗ ಚಾಲ್ತಿಯಲ್ಲಿದ್ದ ಬ್ಯಾಂಕೊಂದರ ಪತ್ರದಂಥದ್ದು. 2008ರ ಅವರ ವರದಿಯಲ್ಲಿ ಒಟ್ಟಾರೆ ಮೇಲುಗೈ ಕೋಷ್ಟಕಕ್ಕೇ. 2009ರ ಡಿಸೆಂಬರ್‌ನಲ್ಲಿ ಎಂಟು ನಿಯಂತ್ರಣ ಸಂಸ್ಥೆಗಳು ಸೇರಿ ಅದನ್ನು ಮಾದರಿ ನಮೂನೆಯೆಂದು ಪ್ರಕಟಿಸಿದವು. ಹಳೆಯ ಮಾದರಿ ವಾಕ್ಯಗಳಿಗೆ ಇದ್ದ ರಕ್ಷಣೆಯನ್ನು ಹಿಂದಕ್ಕೆ ಪಡೆದವು.

ಅದೇ 2009ರಲ್ಲಿ ಪದರಗಳ ಬಗ್ಗೆ ಎರಡು ಕಹಿ ಸಂಗತಿಗಳು ಹೊರಬಂದವು.

ಒಂದು, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಲೀಸಿಯಾ ಮೆಕ್‌ಡೊನಾಲ್ಡ್, ಲಾರಿ ಕ್ರೇನರ್ ಮತ್ತು ಸಂಗಡಿಗರ ಅಧ್ಯಯನ. ಆರು ಕಂಪನಿಗಳ ಗೌಪ್ಯತಾ ನೀತಿಗಳನ್ನು ಬೇರೆ ಬೇರೆ ರೂಪದಲ್ಲಿ ಓದಿಸಿ ಅವರು ಪ್ರಶ್ನೆ ಕೇಳಿದರು. ಪದರದ ರೂಪ ಓದಿದವರು ಬೇಗ ಉತ್ತರ ಕೊಟ್ಟರು, ಆದರೆ ಹೆಚ್ಚು ತಪ್ಪು ಉತ್ತರ ಕೊಟ್ಟರು. ಕಾರಣ ಸ್ಪಷ್ಟವಿತ್ತು. ಮೇಲಿನ ಪದರದಲ್ಲಿ ಉತ್ತರ ಸಿಗದಿದ್ದಾಗ ಬಹಳ ಜನ ಕೆಳಗಿನ ಪೂರ್ಣ ಪಾಠಕ್ಕೆ ಇಳಿಯಲೇ ಇಲ್ಲ. ಮೇಲೆ ಇಲ್ಲದ್ದು ಇಲ್ಲವೇ ಇಲ್ಲ ಎಂದುಕೊಂಡರು. ಪದರಗಳನ್ನು ರೂಪಿಸಿದವರು, ಓದುಗ ಬೇಕಾದಾಗ ಇಳಿದು ನೋಡುತ್ತಾನೆ ಎಂದು ನಂಬಿದ್ದರು. ಅವನು ಇಳಿಯಲಿಲ್ಲ.

ಎರಡನೆಯದು ಸಿಯರ್ಸ್ ಪ್ರಕರಣ. ಸಿಯರ್ಸ್ ಕಂಪನಿ ತನ್ನ ಗ್ರಾಹಕರಿಗೆ ಹತ್ತು ಡಾಲರ್ ಕೊಡುತ್ತೇವೆಂದು ಹೇಳಿ ಒಂದು ತಂತ್ರಾಂಶ ಹಾಕಿಕೊಳ್ಳಲು ಆಹ್ವಾನಿಸಿತ್ತು. ನಿಮ್ಮ ಆನ್‌ಲೈನ್ ಓಡಾಟವನ್ನು ಗೌಪ್ಯವಾಗಿ ಗಮನಿಸುತ್ತದೆ ಎಂದಷ್ಟೇ ಮೇಲಿನ ಮಾತು. ಆ ತಂತ್ರಾಂಶ ಖರೀದಿ ಬುಟ್ಟಿಯ ವಸ್ತುಗಳು, ಬ್ಯಾಂಕ್ ಖಾತೆಯ ವಿವರ, ಔಷಧಿ ಚೀಟಿಗಳ ದಾಖಲೆ, ಗ್ರಂಥಾಲಯದಿಂದ ತಂದ ಪುಸ್ತಕಗಳ ಪಟ್ಟಿಯವರೆಗೂ ತೆಗೆದುಕೊಳ್ಳುತ್ತಿತ್ತು. ಕಂಪನಿ ಇದನ್ನು ಮುಚ್ಚಿಟ್ಟಿರಲಿಲ್ಲ. ಉದ್ದದ ಪರವಾನಗಿ ಒಪ್ಪಂದದಲ್ಲಿ, ಸುಮಾರು ಎಪ್ಪತ್ತೈದನೆಯ ಸಾಲಿನಿಂದ ಶುರುವಾಗಿ ಎಲ್ಲವನ್ನೂ ಬರೆದಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಒಪ್ಪಲಿಲ್ಲ. ಮೇಲೆ ಹೇಳಿದ್ದನ್ನು ಓದಿದವನಿಗೆ ಇಷ್ಟೆಲ್ಲ ಹೊಳೆಯುವಂತಿರಲಿಲ್ಲವಾದ್ದರಿಂದ ಅದು ಮೋಸವೇ ಎಂದಿತು. ಕಂಪನಿ ಸಂಗ್ರಹಿಸಿದ ಮಾಹಿತಿಯನ್ನು ನಾಶ ಮಾಡುವ ಆದೇಶಕ್ಕೆ ಒಪ್ಪಬೇಕಾಯಿತು.

ಎರಡನ್ನೂ ಜೊತೆಗಿಟ್ಟು ನೋಡಿದರೆ ಮೇಲಿನ ಪದರಕ್ಕೆ ಏನು ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ಹೊರಡುತ್ತದೆ. ಕೆಳಗಿನದರ ಸಾರಾಂಶ ಅಲ್ಲಿ ಸಾಲದು. ತಿಳಿದರೆ ಓದುಗ ಬೆಚ್ಚುವಂಥದ್ದು, ಅವನು ಊಹಿಸಿರದಂಥದ್ದು ಮೇಲೆ ಇರಬೇಕು. ಆರ್ಡರ್ ಮಾಡಿದ ಸಾಮಾನನ್ನು ತಲುಪಿಸಲು ವಿಳಾಸ ಬಳಸುತ್ತೇವೆ ಎಂಬುದು ಕೆಳಗಿದ್ದರೂ ನಡೆಯುತ್ತದೆ, ಯಾರೂ ಅದಕ್ಕೆ ಆಶ್ಚರ್ಯಪಡುವುದಿಲ್ಲ. 2018ರಲ್ಲಿ ಅಂತಿಮವಾದ ಯುರೋಪಿನ ಪಾರದರ್ಶಕತೆಯ ಮಾರ್ಗಸೂಚಿ ಇದನ್ನೇ ಬರೆದಿಟ್ಟಿತು: ಯಾರು, ಯಾತಕ್ಕೆ, ಯಾವ ಹಕ್ಕು ಎಂಬುದರ ಜೊತೆಗೆ ಜನರ ಮೇಲೆ ಹೆಚ್ಚು ಪರಿಣಾಮ ಬೀರುವ, ಅವರಿಗೆ ಅಚ್ಚರಿ ತರುವ ಬಳಕೆಗಳು ಮೊದಲ ಪದರದಲ್ಲೇ ಬರಬೇಕು. ಪದರಗಳು ಹೆಚ್ಚಾದರೂ ಕೆಡುತ್ತದೆ ಎಂಬುದಕ್ಕೂ ಉದಾಹರಣೆ ಬಂತು. 2019ರ ಜನವರಿಯಲ್ಲಿ ಫ್ರಾನ್ಸಿನ ಪ್ರಾಧಿಕಾರ ಗೂಗಲ್‌ಗೆ 5 ಕೋಟಿ ಯೂರೊ ದಂಡ ಹಾಕಿದಾಗ ಕೊಟ್ಟ ಕಾರಣಗಳಲ್ಲಿ ಒಂದು, ಕೆಲವು ಮುಖ್ಯ ವಿವರ ತಲುಪಲು ಬಳಕೆದಾರ ಐದಾರು ಹಂತ ಇಳಿಯಬೇಕಿತ್ತು ಎಂಬುದು.

ಈಗ ಇದನ್ನು ನಮ್ಮ ನಡುವಿನ ಒಂದು ಕೆಲಸಕ್ಕೆ ಹಚ್ಚಿ ನೋಡೋಣ. ಬೆಂಗಳೂರಿನಲ್ಲಿ ಔಷಧಿಯನ್ನು ಮನೆಗೆ ತಲುಪಿಸುವ ಒಂದು ಆ್ಯಪ್ ಇದೆಯೆಂದು ಇಟ್ಟುಕೊಳ್ಳೋಣ. ಅದರ ನೀತಿಯಲ್ಲಿ ‘ಮಾಹಿತಿ ಹಂಚಿಕೆ ಮತ್ತು ಸಂಗ್ರಹ’ ಎಂಬ ಭಾಗ ಹೀಗಿರುತ್ತದೆ:

‘ಉತ್ತಮ ಸೇವೆ ಒದಗಿಸುವ ಉದ್ದೇಶದಿಂದ ನಿಮ್ಮ ಮಾಹಿತಿಯನ್ನು ನಮ್ಮ ಪಾಲುದಾರರು, ಸೇವಾದಾತರು ಹಾಗೂ ಇತರ ಸಂಸ್ಥೆಗಳೊಂದಿಗೆ ಕಾಲಕಾಲಕ್ಕೆ ಹಂಚಿಕೊಳ್ಳಬಹುದು. ಮಾಹಿತಿಯನ್ನು ಅಗತ್ಯವಿರುವಷ್ಟು ಕಾಲ ಮಾತ್ರ ಇರಿಸಿಕೊಳ್ಳಲಾಗುವುದು.’

ಇದನ್ನು ತಿದ್ದಲು ಕೂತವರು ಮೊದಲು ಪದಗಳಿಗೆ ಕೈಹಾಕಬಾರದು. ಖಾಲಿ ಹಾಳೆಯ ಮೇಲೆ ಕೋಷ್ಟಕ ಎಳೆದುಕೊಳ್ಳಬೇಕು. ಯಾವ ಮಾಹಿತಿ, ಯಾರ ಕೈಗೆ ಹೋಗುತ್ತದೆ, ಯಾತಕ್ಕೆ, ಎಷ್ಟು ದಿನ ಅಲ್ಲಿರುತ್ತದೆ, ಗ್ರಾಹಕ ನಿಲ್ಲಿಸಬಹುದೇ. ಕೊನೆಯಲ್ಲಿ ಇನ್ನೊಂದು ಅಂಕಣ: ಇದು ನಿಜವೆಂದು ಹೇಗೆ ಗೊತ್ತು? ಆ ಕಡೆಯ ಅಂಕಣ ತುಂಬದೆ ಯಾವ ಸಾಲೂ ಮುಂದಕ್ಕೆ ಹೋಗುವಂತಿಲ್ಲ. ‘ಇಂಜಿನಿಯರ್ ಹೇಳಿದರು’ ಎಂಬುದು ಅಲ್ಲಿ ಸಾಕಾಗದು. ಸೆಟ್ಟಿಂಗ್ ತೆರೆದು ನೋಡಿದ್ದು, ಅಳಿಸುವ ಪ್ರೋಗ್ರಾಂ ಓಡಿದ ದಾಖಲೆ, ಒಪ್ಪಂದದ ಪುಟ, ಆ್ಯಪ್ ಹೊರಗೆ ಕಳಿಸುವುದನ್ನು ಹಿಡಿದು ನೋಡಿದ ಫಲಿತಾಂಶ, ಇಂಥದ್ದು ಬೇಕು.

ಚೀಟಿಯ ಫೋಟೊ ಎಂಬ ಸಾಲು ತೆಗೆದುಕೊಳ್ಳಿ. ಅದು ಔಷಧಿ ಅಂಗಡಿಯ ಫಾರ್ಮಸಿಸ್ಟ್ ಕೈಗೆ ಹೋಗುತ್ತದೆ, ಹೋಗಲೇಬೇಕು. ಗ್ರಾಹಕ ಖಾತೆ ಅಳಿಸಿದರೆ ಮೂವತ್ತು ದಿನದಲ್ಲಿ ಸರ್ವರ್‌ನಿಂದ ಫೋಟೊ ಹೋಗುತ್ತದೆ ಎಂದು ತಂಡ ಹೇಳುತ್ತದೆ. ಬ್ಯಾಕಪ್‌ನಲ್ಲಿ? ಅಲ್ಲಿ ತೊಂಬತ್ತು ದಿನ ಉಳಿಯುತ್ತದೆ. ಅಂಗಡಿಯ ಪುಸ್ತಕದಲ್ಲಿ? ಇಲ್ಲಿ ಯಾರೂ ಎಣಿಸದ ಸಂಗತಿಯೊಂದು ಎದುರಾಗುತ್ತದೆ. ಕೆಲವು ಆ್ಯಂಟಿಬಯೋಟಿಕ್‌ಗಳು, ಕ್ಷಯದ ಔಷಧಿಗಳು, ನಿದ್ದೆಗೆ, ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳು ನಮ್ಮ ದೇಶದ ಔಷಧ ನಿಯಮಗಳ ಎಚ್–1 ಅನುಸೂಚಿಯಲ್ಲಿವೆ. ಅವನ್ನು ಮಾರಿದ ಅಂಗಡಿಯವರು ಬರೆದುಕೊಟ್ಟ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿ, ಕೊಟ್ಟ ಪ್ರಮಾಣ ಇಷ್ಟನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಅಂದಮೇಲೆ ‘ಖಾತೆ ಅಳಿಸಿದರೆ ನಿಮ್ಮ ಮಾಹಿತಿಯೆಲ್ಲ ಅಳಿಯುತ್ತದೆ’ ಎಂಬ ಸರಳ, ಸುಂದರ ವಾಕ್ಯ ಸುಳ್ಳು. ಸರಳಗೊಳಿಸುವ ಹುಮ್ಮಸ್ಸಿನಲ್ಲಿ ಇಂಥ ವಾಕ್ಯಗಳು ಸುಲಭವಾಗಿ ನುಸುಳುತ್ತವೆ. ‘ಅಗತ್ಯವಿರುವಷ್ಟು ಕಾಲ’ ಎಂಬುದು ಏನೂ ತಿಳಿಸುತ್ತಿರಲಿಲ್ಲ. ಹೊಸ ವಾಕ್ಯ ತಪ್ಪಾದದ್ದನ್ನು ಖಚಿತವಾಗಿ ತಿಳಿಸುತ್ತದೆ. ಎರಡರಲ್ಲಿ ಕೆಟ್ಟದ್ದು ಎರಡನೆಯದೇ.

ಮುಂದಿನ ಸಾಲು, ಇರುವ ಸ್ಥಳದ ಮಾಹಿತಿ. ಆ್ಯಪ್ ತೆರೆದಿದ್ದಾಗ ಮಾತ್ರ ಸ್ಥಳ ನೋಡುತ್ತೇವೆ ಎಂದು ತಂಡ ನಂಬಿದೆ, ತಾವು ಬರೆದ ಕೋಡ್‌ನಲ್ಲಿ ಹಾಗೆಯೇ ಇದೆ. ಆದರೆ ಆಂಡ್ರಾಯ್ಡ್ ಆ್ಯಪ್ ಕಟ್ಟುವಾಗ ಅದರೊಳಗೆ ಸೇರಿಸಿಕೊಂಡ ಬೇರೆ ಕಂಪನಿಗಳ ಲೈಬ್ರರಿಗಳು ಕೇಳುವ ಅನುಮತಿಗಳೂ ಸೇರಿ ಒಂದೇ ಪಟ್ಟಿಯಾಗುತ್ತವೆ. ಆದ್ದರಿಂದ ತಂಡದ ಕೈಯ ಕಡತವನ್ನು ಬಿಟ್ಟು, ಕಟ್ಟಿ ಮುಗಿದ ಆ್ಯಪಿನ ಪಟ್ಟಿಯನ್ನು ತೆರೆದು ನೋಡಬೇಕು. ಅಲ್ಲಿ ಈ ಸಾಲು ಕಾಣಿಸಿತು ಎಂದುಕೊಳ್ಳಿ:

```
<uses-permission android:name="android.permission.ACCESS_BACKGROUND_LOCATION" />
```

ಆ್ಯಪ್ ಮುಚ್ಚಿದ್ದಾಗಲೂ ಸ್ಥಳ ತಿಳಿಯಲು ಬೇಕಾಗುವ ಅನುಮತಿ ಇದು. ಜಾಹೀರಾತು ತೋರಿಸಲೆಂದು ಸೇರಿಸಿಕೊಂಡ ಲೈಬ್ರರಿಯ ಜೊತೆ ಒಳಗೆ ಬಂದಿದೆ. ಅನುಮತಿ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಮಾಹಿತಿ ಹೋಗುತ್ತಿದೆ ಎಂದು ಸಾಬೀತಾಗುವುದಿಲ್ಲ. ಗ್ರಾಹಕ ಫೋನಿನಲ್ಲಿ ಒಪ್ಪಬೇಕು, ಲೈಬ್ರರಿ ಅದನ್ನು ಬಳಸಬೇಕು. ಅದಕ್ಕೇ ಪರೀಕ್ಷೆಯ ಫೋನಿನಲ್ಲಿ ಅನುಮತಿ ಕೊಟ್ಟು, ಆ್ಯಪ್ ಮುಚ್ಚಿ, ಹೊರಗೆ ಏನು ಹೋಗುತ್ತದೆ ಎಂದು ಹಿಡಿದು ನೋಡಬೇಕು. ಹೋಗುತ್ತಿದ್ದರೆ ಇರುವುದು ಎರಡೇ ದಾರಿ. ಮುಚ್ಚಿದ್ದಾಗಲೂ ನಿಮ್ಮ ಸ್ಥಳ ಜಾಹೀರಾತು ಕಂಪನಿಗೆ ಹೋಗುತ್ತದೆ ಎಂದು ಮೇಲಿನ ಪದರದಲ್ಲಿ ಬರೆಯುವುದು, ಇಲ್ಲವೇ ಆ ಸಾಲನ್ನು ಆ್ಯಪಿನಿಂದ ಕಿತ್ತುಹಾಕುವುದು. ಔಷಧಿ ತರಿಸಿಕೊಳ್ಳುವವರ ಎದುರು ಮೊದಲನೆಯ ವಾಕ್ಯ ಬರೆಯಬೇಕಾಗಿ ಬಂದಾಗ ಯಾವ ಕಂಪನಿಯಾದರೂ ಎರಡನೆಯ ದಾರಿಯತ್ತ ತಿರುಗುವ ಸಂಭವ ಹೆಚ್ಚು. ಅದನ್ನು ಸ್ಪಷ್ಟವಾಗಿ ಬರೆಯಲೇಬೇಕೆಂಬ ಒತ್ತಾಯವೇ ಆ್ಯಪನ್ನು ತಿದ್ದಿಸುತ್ತದೆ.

ಆ ಸಾಲು ಕಿತ್ತ ಮೇಲೆ ಮೊದಲ ಪದರ ಹೀಗೆ ಬರಬಹುದು:

‘ನಿಮ್ಮ ಚೀಟಿಯ ಫೋಟೊವನ್ನು ಔಷಧಿ ಅಂಗಡಿಯ ಫಾರ್ಮಸಿಸ್ಟ್ ನೋಡುತ್ತಾರೆ. ತಂದುಕೊಡುವವರಿಗೆ ನಿಮ್ಮ ಹೆಸರು, ವಿಳಾಸ ಗೊತ್ತಾಗುತ್ತದೆ. ಪೊಟ್ಟಣದಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಖಾತೆ ಅಳಿಸಿದರೆ ಫೋಟೊ ಪೂರ್ತಿ ಹೋಗಲು ನಾಲ್ಕು ತಿಂಗಳವರೆಗೆ ಬೇಕು. ಕೆಲವು ಔಷಧಿಗಳ ಮಾರಾಟದ ದಾಖಲೆಯನ್ನು, ನಿಮ್ಮ ಹೆಸರಿನೊಂದಿಗೆ, ಅಂಗಡಿಯವರು ಕಾನೂನಿನಂತೆ ಮೂರು ವರ್ಷ ಇಡಬೇಕು. ಅದನ್ನು ನಾವು ಅಳಿಸಲಾಗದು.’

ನಾಲ್ಕು ತಿಂಗಳು ಬಂದದ್ದು ಮೂವತ್ತಕ್ಕೆ ತೊಂಬತ್ತು ಕೂಡಿಸಿ. ಮೂವತ್ತನೆಯ ದಿನ ಫೋಟೊ ಅಳಿಸುವ ಮುಂಚೆ ತೆಗೆದ ಬ್ಯಾಕಪ್ ಇನ್ನೂ ತೊಂಬತ್ತು ದಿನ ಬದುಕಿರುತ್ತದೆ. ಹೆಚ್ಚಿನವರು ಇಲ್ಲಿ ‘ಮೂವತ್ತು ದಿನ’ ಎಂದೇ ಬರೆದುಬಿಡುತ್ತಾರೆ. ಎರಡನೆಯ ಪದರದಲ್ಲಿ ಆ ಲೆಕ್ಕವನ್ನು ಬಿಡಿಸಿ ಹೇಳಿ, ಯಾವ ಬಗೆಯ ಔಷಧಿಗಳು ರಿಜಿಸ್ಟರಿಗೆ ಹೋಗುತ್ತವೆ, ಎಸ್‌ಎಂಎಸ್ ಕಳಿಸುವ ಕಂಪನಿಗೆ ಏನು ಹೋಗುತ್ತದೆ ಎಂಬುದನ್ನು ಕೋಷ್ಟಕದಲ್ಲಿ ಇಡಬಹುದು. ಮೂರನೆಯದರಲ್ಲಿ ಕಂಪನಿಗಳ ಹೆಸರು, ಕಾನೂನಿನ ನಿಯಮ, ದೂರು ಕೊಡುವ ವಿಳಾಸ.

ಬರೆದ ಮೇಲೆ ಎರಡು ದಿಕ್ಕಿನ ತಪಾಸಣೆ ಬೇಕು. ಮೇಲಿನ ಪ್ರತಿ ವಾಕ್ಯಕ್ಕೂ ಕೆಳಗೆ ಆಧಾರ ಇದೆಯೇ ಎಂದು ಮೇಲಿನಿಂದ ಕೆಳಕ್ಕೆ ನೋಡುವುದನ್ನು ಎಲ್ಲರೂ ಮಾಡುತ್ತಾರೆ. ಕೆಳಗಿನಿಂದ ಮೇಲಕ್ಕೆ ನೋಡುವುದನ್ನು ಮರೆಯುತ್ತಾರೆ: ಕೆಳಗಿನ ಯಾವ ಸಾಲನ್ನಾದರೂ ಗ್ರಾಹಕನಿಗೆ ಬಾಯಲ್ಲಿ ಹೇಳಿದರೆ ಅವನು ‘ಹೌದಾ?’ ಎಂದು ಹುಬ್ಬೇರಿಸುತ್ತಾನೆಯೇ? ಏರಿಸಿದರೆ ಅದು ಮೇಲೆ ಬರಬೇಕು. ಸಿಯರ್ಸ್ ಎಡವಿದ್ದು ಇಲ್ಲೇ. ಇನ್ನು ಓದುಗರನ್ನು ಪರೀಕ್ಷಿಸುವಾಗ ‘ಅರ್ಥವಾಯಿತೇ?’ ಎಂದು ಕೇಳಿ ಪ್ರಯೋಜನವಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ. ‘ಇವತ್ತು ಖಾತೆ ಅಳಿಸಿದ್ದೀರಿ, ಮುಂದಿನ ತಿಂಗಳು ನಿಮ್ಮ ಚೀಟಿ ಎಲ್ಲಿರುತ್ತದೆ?’ ಎಂದು ಕೇಳಿ, ಅವರ ಉತ್ತರವನ್ನು ಕೋಷ್ಟಕದ ಜೊತೆ ಹೋಲಿಸಬೇಕು. ಮೇಲಿನ ಪದರ ಒಂದನ್ನೇ ಓದಿಸಿ ಕೇಳಬೇಕು, ಏಕೆಂದರೆ ಬಹಳ ಜನ ಓದುವುದು ಅಷ್ಟನ್ನೇ.

ಇಷ್ಟಾದರೂ ಹೊಂದಾಣಿಕೆ ಉಳಿಯುತ್ತದೆ ಎಂಬ ಖಾತರಿಯಿಲ್ಲ. ಅಮೆರಿಕದ ಕೋಷ್ಟಕ ಜಾರಿಗೆ ಬಂದ ಮೇಲೆ ಕ್ರೇನರ್ ಅವರ ತಂಡ ಸಾವಿರಾರು ಹಣಕಾಸು ಸಂಸ್ಥೆಗಳ ಪತ್ರಗಳನ್ನು ಕಂಪ್ಯೂಟರಿನಿಂದ ಓದಿಸಿತು. ಎಲ್ಲವೂ ಒಂದೇ ನಮೂನೆಯಲ್ಲಿದ್ದುದರಿಂದ ಅದು ಸಾಧ್ಯವಾಯಿತು. ಕೆಲವು ಪತ್ರಗಳು ತಮ್ಮ ಮಾತನ್ನು ತಾವೇ ಅಲ್ಲಗಳೆಯುತ್ತಿದ್ದವು. ಇನ್ನು ಕೆಲವು, ಗ್ರಾಹಕ ತಡೆಯಬಹುದೆಂದು ಕಾನೂನು ಹೇಳುವ ಸಾಲಿನಲ್ಲೇ ‘ತಡೆಯಲಾಗದು’ ಎಂದು ಬರೆದಿದ್ದವು. ಹಳೆಯ ಗದ್ಯದಲ್ಲಿ ಈ ತಪ್ಪುಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಇಲ್ಲಿ ಒಂದು ಮಿತಿ ಇದೆ. ಕಾಗದದ ಒಳಗಿನ ವಿರೋಧ, ಕಾಗದಕ್ಕೂ ಕಾನೂನಿಗೂ ಇರುವ ವಿರೋಧ ಮಾತ್ರ ಹೀಗೆ ಸಿಗುತ್ತವೆ. ‘ಇಲ್ಲ’ ಎಂದು ಬರೆದ ಬ್ಯಾಂಕು ನಿಜಕ್ಕೂ ಕೊಡುತ್ತಿಲ್ಲವೇ ಎಂಬುದು ಕಚೇರಿಯೊಳಗೆ ಹೋದವರಿಗೆ ಮಾತ್ರ ತಿಳಿಯುತ್ತದೆ.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಕತೆಯನ್ನು ಕನ್ನಡಕ್ಕೆ ತಂದಿದೆ. ಒಪ್ಪಿಗೆ ಕೇಳುವಾಗ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಜನರಿಗೆ ಇರಬೇಕು ಎನ್ನುತ್ತದೆ ಅದು. 2025ರ ನವೆಂಬರ್‌ನಲ್ಲಿ ಬಂದ ನಿಯಮಗಳ ಪ್ರಕಾರ ಆ ಸೂಚನೆ ಬೇರೆ ಯಾವ ದಾಖಲೆಯ ಆಸರೆಯೂ ಇಲ್ಲದೆ ತಾನಾಗಿಯೇ ಅರ್ಥವಾಗುವಂತಿರಬೇಕು, ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ಬಿಡಿಬಿಡಿಯಾಗಿ ಹೇಳಬೇಕು. ಸೂಚನೆಯ ಈ ನಿಯಮ ಪಾಲಿಸಲು ಕಂಪನಿಗಳಿಗೆ ಕಾಲಾವಕಾಶವನ್ನೂ ಕೊಡಲಾಗಿದೆ. 2009ರ ಅಧ್ಯಯನ ನೆನಪಿರುವವರಿಗೆ ಇದರ ತೂಕ ತಿಳಿಯುತ್ತದೆ. ಮುಖ್ಯವಾದದ್ದನ್ನು ಕೆಳಗಿನ ಪದರಕ್ಕೆ ತಳ್ಳಿ ‘ಅಲ್ಲಿ ಬರೆದಿದ್ದೆವಲ್ಲ’ ಎನ್ನುವುದಕ್ಕೆ ಇಲ್ಲಿ ಜಾಗ ಕಡಿಮೆ.

ಕನ್ನಡದ ಪಾಠವನ್ನು ಸಿದ್ಧಪಡಿಸುವ ಕ್ರಮದ ಬಗ್ಗೆ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ. ಇಂಗ್ಲಿಷ್ ನೀತಿ ಅಂತಿಮವಾದ ಮೇಲೆ ಅದನ್ನು ಅನುವಾದಕರಿಗೆ ಕಳಿಸಿ, ಬಂದದ್ದನ್ನು ಇಂಗ್ಲಿಷಿನ ಜೊತೆ ತಾಳೆ ನೋಡುವುದು ಈಗಿನ ರೂಢಿ. ತಾಳೆ ನೋಡಬೇಕಾದದ್ದು ನಡೆಯುತ್ತಿರುವ ಕೆಲಸದ ಜೊತೆ. ಕನ್ನಡದ ಮೊದಲ ಪದರವನ್ನು ಅಂಗಡಿಯಲ್ಲಿ ಚೀಟಿ ನೋಡುವವರಿಗೆ, ಬೈಕಿನಲ್ಲಿ ಪೊಟ್ಟಣ ಒಯ್ಯುವವರಿಗೆ, ಗ್ರಾಹಕರ ಫೋನ್ ಕರೆ ಎತ್ತುವವರಿಗೆ ಓದಲು ಕೊಡಬೇಕು. ಇಂಗ್ಲಿಷ್ ಪಾಠ ಇವರ ಕೈಗೆ ಎಂದೂ ಬಂದಿರುವುದಿಲ್ಲ. ‘ತಂದುಕೊಡುವವರಿಗೆ ನಿಮ್ಮ ಫೋನ್ ನಂಬರ್ ಕಾಣುವುದಿಲ್ಲ’ ಎಂಬ ವಾಕ್ಯ ಅದರಲ್ಲಿದ್ದರೆ, ಆ್ಯಪ್ ಮೂಲಕ ಮಾಡಿದ ಕರೆ ಸಿಗದಿದ್ದಾಗ ಆಫೀಸಿಗೆ ಫೋನ್ ಮಾಡಿ ಗ್ರಾಹಕರ ನಂಬರ್ ಕೇಳಿ ಪಡೆಯುವ ಪರಿಪಾಠ ಇದೆಯೆಂದು ಹೇಳಬಲ್ಲವರು ಅವರೇ. ಆಗ ಆ ವಾಕ್ಯವನ್ನು ತಿದ್ದಬೇಕು, ಇಲ್ಲವೇ ಆ ಪರಿಪಾಠವನ್ನು ನಿಲ್ಲಿಸಬೇಕು, ಆಮೇಲೆ ಇಂಗ್ಲಿಷ್ ಪಾಠವನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು.